ವರಮಹಾಲಕ್ಷ್ಮಿ ಕಲಶಕ್ಕೆ ಸೀರೆ ಉಡಿಸಿ ಅಲಂಕರಿಸುವುದು: ಗುರುವಾರ ರಾತ್ರಿಯಿಂದ ಶನಿವಾರದವರೆಗೆ

ನಮ್ಮ ಮನೆಯಲ್ಲಿ ಒಂದು ವರ್ಷ ಮಂಗಳಾರತಿ ಎತ್ತುವ ಹೊತ್ತಿಗೆ ಸರಿಯಾಗಿ ಲಕ್ಷ್ಮಿಯ ಮುಖ ಮುಂದಕ್ಕೆ ವಾಲಿತು. ಬೀಳಲಿಲ್ಲ. ಆದರೆ ಆರತಿ ಮುಗಿಯುವವರೆಗೂ ನನ್ನ ಕಣ್ಣು ಅಲ್ಲೇ ಇತ್ತು, ಕೈ ಮುಗಿದದ್ದೂ ನೆನಪಿಲ್ಲ. ಆ ಸಲ ಸೀರೆ, ಒಡವೆ, ಹೂವು ಎಲ್ಲವೂ ಚೆನ್ನಾಗಿದ್ದವು. ತಪ್ಪಾಗಿದ್ದು ಒಳಗೆ, ಯಾರಿಗೂ ಕಾಣದ ಕಡೆ. ಚೊಂಬಿನ ಬಾಯಿಗೆ ತೆಂಗಿನಕಾಯಿ ಚಿಕ್ಕದಾಗಿತ್ತು, ಅದರ ಮೇಲೆ ಬೆಳ್ಳಿ ಮುಖದ ಭಾರ, ಅದರ ಮೇಲೆ ಹೂವಿನ ಭಾರ.

ಆವತ್ತು ಅತ್ತೆ ಹೇಳಿದ ಮಾತು ಇವತ್ತಿಗೂ ನನಗೆ ಪಾಠ: "ಮೊದಲು ಅಮ್ಮನನ್ನು ಗಟ್ಟಿಯಾಗಿ ಕೂರಿಸಮ್ಮ, ಆಮೇಲೆ ಸಿಂಗಾರ." ಇಲ್ಲಿ ಹೇಳುವುದೆಲ್ಲ ಅದೇ ಕ್ರಮದಲ್ಲಿದೆ. ಎರಡು ಹಂತದ ಅಲಂಕಾರ ಇದು. ಕೆಳಗೆ ಬಿಂದಿಗೆ, ಅದಕ್ಕೆ ಸೀರೆಯ ನೆರಿಗೆ. ಮೇಲೆ ಚೊಂಬಿನ ಕಲಶ, ಅದಕ್ಕೆ ರವಿಕೆ ಕಣ, ಸೆರಗು, ಒಡವೆ. ಹೀಗೆ ಮಾಡಿದರೆ ದೊಡ್ಡ ಅನುಕೂಲವೊಂದಿದೆ. ಕಲಶ ಸ್ಥಾಪನೆ ಮಾಡಿದ ಮೇಲೆ ಅದನ್ನು ಕದಲಿಸಬಾರದು ಅನ್ನುವುದು ತುಂಬಾ ಮನೆಗಳ ಪದ್ಧತಿ. ನೆರಿಗೆ ಹಿಡಿಯುವ ಕೆಲಸವೋ ಎಳೆದು, ಜಗ್ಗಿ, ತಿರುಗಿಸಿ ಮಾಡುವಂಥದ್ದು. ಅದನ್ನು ಗುರುವಾರ ರಾತ್ರಿ ಬಿಂದಿಗೆಗೆ ಮಾಡಿ ಮುಗಿಸಿಬಿಟ್ಟರೆ, ಶುಕ್ರವಾರ ಬೆಳಗ್ಗೆ ಕಲಶ ಇಟ್ಟು ಸೆರಗು ಹೊದಿಸುವುದಷ್ಟೇ ಉಳಿಯುತ್ತೆ.

ಮೊದಲು ಅಳತೆ

ಸೀರೆ ಆರಿಸುವ ಮುಂಚೆ ಒಂದು ದಾರ ತಗೊಳ್ಳಿ. ಬಿಂದಿಗೆಯ ಕತ್ತಿನಿಂದ ಶುರುಮಾಡಿ, ಅದರ ಹೊಟ್ಟೆಯ ಮೇಲೆ ಹಾಸಿಕೊಂಡು, ಬುಡದವರೆಗೆ ದಾರ ಹಿಡಿದು ಅಳೆಯಿರಿ. ಬಿಂದಿಗೆಯ ಎತ್ತರ ಅಳೆದರೆ ಸಾಲದು, ಏಕೆಂದರೆ ಸೀರೆ ಹೊಟ್ಟೆಯ ಮೇಲಿಂದ ಇಳಿಯಬೇಕು. ನಮ್ಮ ಹಿತ್ತಾಳೆ ಬಿಂದಿಗೆ 11 ಇಂಚು ಎತ್ತರ, ಆದರೆ ದಾರ ಹಿಡಿದರೆ 14 ಇಂಚು.

ಈಗ ಸೀರೆಯ ಅಗಲ ನೋಡಿ. ಸಾಮಾನ್ಯವಾಗಿ 45ರಿಂದ 47 ಇಂಚು ಇರುತ್ತೆ. ನಮ್ಮದು 46 ಅಂತಿಟ್ಟುಕೊಳ್ಳೋಣ. ಉದ್ದಕ್ಕೆ ಅರ್ಧ ಮಡಿಚಿದರೆ 23 ಇಂಚು. ಬಿಂದಿಗೆಗೆ ಬೇಕಾದದ್ದು 14, ಅಂದರೆ 9 ಇಂಚು ಜಾಸ್ತಿ. ತುಂಬಾ ಜನ ಇಲ್ಲಿ ಸೀರೆಯನ್ನು ಮೂರು ಮಡಿಕೆ ಮಾಡಿ ಗಿಡ್ಡ ಮಾಡುತ್ತಾರೆ. ಜರಿ ಸೀರೆಯಾದರೆ ನೆರಿಗೆ ದಪ್ಪ ಕಟ್ಟಿನಂತಾಗಿ ದಾರದಲ್ಲಿ ನಿಲ್ಲುವುದೇ ಇಲ್ಲ. ಅದರ ಬದಲು ಬಿಂದಿಗೆಯನ್ನು 9 ಇಂಚು ಎತ್ತರದ ಗಟ್ಟಿ ಸ್ಟೂಲಿನ ಮೇಲೋ, ಒಂದರ ಮೇಲೊಂದು ಇಟ್ಟ ಮಣೆಗಳ ಮೇಲೋ ಕೂರಿಸಿ. 14 ಮತ್ತು 9, ಒಟ್ಟು 23. ಸೀರೆ ನೆಲ ಮುಟ್ಟಿ ನಿಲ್ಲುತ್ತೆ, ಅಮ್ಮನೂ ಎತ್ತರವಾಗಿ ಕಾಣುತ್ತಾಳೆ. ಸ್ಟೂಲು ಬಿಂದಿಗೆಯ ಹೊಟ್ಟೆಗಿಂತ ಅಗಲವಾಗಿರಬಾರದು. ಅಗಲವಾದರೆ ನೆರಿಗೆ ಅದರ ಮೂಲೆಗೆ ತಾಗಿ ಡೇರೆಯಂತೆ ಎದ್ದುಕೊಳ್ಳುತ್ತೆ.

ಬಿಂದಿಗೆಗೆ ಬಾಯಿಯವರೆಗೆ ಅಕ್ಕಿ ತುಂಬಿ. ಇದು ತೂಕಕ್ಕೆ. ಖಾಲಿ ಬಿಂದಿಗೆಗೆ ಕಂಚಿ ಸೀರೆ ಕಟ್ಟಿದರೆ ಮುಂದಿನ ಭಾರಕ್ಕೆ ಬಿಂದಿಗೆಯೇ ಬಗ್ಗುತ್ತೆ. ನೀರು ತುಂಬಿಸುವುದು ಬೇಡ, ಅಲ್ಲಾಡಿದಾಗ ತುಳುಕಿ ಸೀರೆ ಒದ್ದೆಯಾಗುತ್ತೆ. ಅಕ್ಕಿ ತುಂಬಿದ ಬಾಯಿಯ ಮೇಲೆ ಅಂಚಿರುವ 6 ಇಂಚಿನ ತಟ್ಟೆ ಇಟ್ಟು ನೋಡಿ. ತಟ್ಟೆ ಕೆಳಗಿನ ಅಕ್ಕಿಗೆ ಒತ್ತಿಕೊಂಡು ಕೂತರೆ ಅಲ್ಲಾಡಲ್ಲ. ಅದರ ಮೇಲೆ ಖಾಲಿ ಚೊಂಬು, ಚೊಂಬಿನ ಮೇಲೆ ತೆಂಗಿನಕಾಯಿ, ಬೆಳ್ಳಿ ಮುಖ ಎಲ್ಲ ಇಟ್ಟು ಸ್ಟೂಲನ್ನು ಮೆಲ್ಲಗೆ ತಟ್ಟಿ. ಎಲ್ಲಿ ಅಲ್ಲಾಡುತ್ತೆ ಅಂತ ಆಗಲೇ ಗೊತ್ತಾಗುತ್ತೆ. ಈ ಪರೀಕ್ಷೆಯನ್ನು ಬುಧವಾರವೇ ಮಾಡಿಬಿಡಿ. ಕಾಯಿ ಬದಲಾಯಿಸಬೇಕಾದರೆ ಅಂಗಡಿಗೆ ಹೋಗಲು ಒಂದು ದಿನ ಇರುತ್ತೆ.

ಯಾವ ಸೀರೆ

ಹೊಸ ಸೀರೆಯೇ ಆಗಬೇಕು ಅಂತ ಮನೆಯ ಪದ್ಧತಿ ಇದ್ದರೆ ಒಳ್ಳೆಯದೇ. ಹೊಸದರಲ್ಲಿ ಬಿಗುವು ಇರುತ್ತೆ, ನೆರಿಗೆ ಹೇಳಿದ ಹಾಗೆ ಕೇಳುತ್ತೆ. ಜರಿ ಅಂಚಿನ, ಮಧ್ಯಮ ತೂಕದ ರೇಷ್ಮೆ ಸೀರೆ ಎಲ್ಲಕ್ಕಿಂತ ಸುಲಭ. ಮೈಸೂರು ಸಿಲ್ಕ್ ನೋಡಲು ಎಷ್ಟೇ ಚೆಂದವಾದರೂ ಅದು ಕ್ರೇಪ್ ಬಟ್ಟೆ, ಜಾರುತ್ತೆ. ನೆರಿಗೆಯ ಮಡಿಕೆ ಚೂಪಾಗಿ ನಿಲ್ಲಲ್ಲ. ಅದನ್ನೇ ಉಡಿಸಬೇಕು ಅಂತ ಆಸೆಯಿದ್ದರೆ ನೆರಿಗೆ ಹಿಡಿದ ಮೇಲೆ ಕ್ಲಿಪ್ ಹಾಕಿ, ಮೇಲೊಂದು ಹತ್ತಿ ಬಟ್ಟೆ ಹೊದಿಸಿ, ಹಾಸಿಗೆಯ ಕೆಳಗೆ ನಾಲ್ಕೈದು ಗಂಟೆ ಇಡಿ. ನೀರು ಚಿಮುಕಿಸಿ ಇಸ್ತ್ರಿ ಮಾಡಲು ಹೋಗಬೇಡಿ, ರೇಷ್ಮೆಯಲ್ಲಿ ನೀರಿನ ಕಲೆ ಉಳಿದುಬಿಡುತ್ತೆ.

ನೆರಿಗೆ ಹಿಡಿಯುವುದು

ಇಬ್ಬರು ಬೇಕು. ನೆಲದ ಮೇಲೆ ಶುಭ್ರವಾದ ಬೆಡ್‌ಶೀಟ್ ಹಾಸಿ ಸೀರೆಯನ್ನು ಪೂರ್ತಿ ಬಿಚ್ಚಿ. ಉದ್ದಕ್ಕೆ ಅರ್ಧ ಮಡಿಚಿ, ಒಳ್ಳೆಯ ಮುಖ ಹೊರಗೆ ಇರಲಿ. ಮಡಿಕೆ ಮೇಲಕ್ಕೆ, ಎರಡೂ ಅಂಚು ಕೆಳಕ್ಕೆ.

ಇಲ್ಲೊಂದು ಆಯ್ಕೆ ಇದೆ. ಎರಡು ಅಂಚನ್ನೂ ಸಮ ಇಟ್ಟರೆ ಕೆಳಗೆ ಒಂದೇ ಅಂಚು ಕಾಣುತ್ತೆ. ಮುಂದಿನ ಪದರವನ್ನು ಹಿಂದಿನದಕ್ಕಿಂತ 3 ಇಂಚು ಮೇಲೆ ನಿಲ್ಲಿಸಿದರೆ, ಅಂದರೆ ಮುಂದಿನದು 21 ಅರ್ಧ, ಹಿಂದಿನದು 24 ಅರ್ಧ ಇಂಚು ಬರುವಂತೆ ಮಡಿಚಿದರೆ, ಒಂದರ ಕೆಳಗೊಂದು ಎರಡು ಅಂಚು ಕಾಣುತ್ತವೆ. ಹಿಂದಿನ ಪದರ ಒಂದೂವರೆ ಇಂಚು ನೆಲದ ಮೇಲೆ ಹರಡಿಕೊಳ್ಳುತ್ತೆ, ಅದು ಚೆಂದವೇ. ಆದರೆ ಹೀಗೆ ಮಾಡಿದಾಗ ಕೆಳಗೆ ಕಾಣುವ ಅಂಚು ಸೀರೆಯ ಹಿಂಭಾಗದ್ದು ಅನ್ನುವುದು ಎಷ್ಟೋ ಜನಕ್ಕೆ ಹೊಳೆಯುವುದಿಲ್ಲ. ಅಂಚಿನ ಹಿಂಭಾಗವೂ ಅಚ್ಚುಕಟ್ಟಾಗಿರುವ ಸೀರೆಯಾದರೆ ಗೊತ್ತಾಗಲ್ಲ. ಹಿಂದೆ ನೂಲು ಜೋತಾಡುವ ಸೀರೆಯಾದರೆ ದೀಪದ ಬೆಳಕಲ್ಲಿ ಎದ್ದು ಕಾಣುತ್ತೆ. ಅಂಥ ಸೀರೆಗೆ ಅಂಚು ಸಮವಾಗಿಯೇ ಇಡಿ.

ಸೆರಗಿಲ್ಲದ ತುದಿಯಿಂದ ನೆರಿಗೆ ಶುರುಮಾಡಿ. ಒಂದೊಂದು ನೆರಿಗೆ 5 ಇಂಚು ಅಗಲ. ಅಳತೆಗೆ ರಟ್ಟಿನ ಒಂದು ತುಂಡನ್ನು 5 ಇಂಚಿಗೆ ಕತ್ತರಿಸಿಟ್ಟುಕೊಂಡರೆ ಕೈ ತಪ್ಪಲ್ಲ. ಒಬ್ಬರು ಮೇಲಿನ ಮಡಿಕೆ ಹಿಡಿಯಬೇಕು, ಇನ್ನೊಬ್ಬರು ಕೆಳಗಿನ ಅಂಚು. ಮೇಲೆ ಸರಿಯಾಗಿದ್ದು ಕೆಳಗೆ ಸೊಟ್ಟಗಾದರೆ, ಹರಡಿದಾಗ ಅಂಚು ಅಲೆಅಲೆಯಾಗಿ ಏರುಪೇರಾಗುತ್ತೆ. ಮುಖ್ಯವಾದದ್ದು ಅಂಚು. ಅದಕ್ಕೆ ಅಂಚಿನ ಕಡೆ ಕೂತವರೇ ಲೆಕ್ಕ ಹೇಳಲಿ, ಮೇಲಿನವರು ಅನುಸರಿಸಲಿ.

ಐದೂವರೆ ಮೀಟರ್ ಸೀರೆಯಲ್ಲಿ ಸೆರಗಿಗೆ 1 ಮೀಟರ್ ಬಿಡಿ. ಉಳಿದ ನಾಲ್ಕೂವರೆ ಮೀಟರ್‌ನಲ್ಲಿ ಸುಮಾರು 18 ನೆರಿಗೆ ಬರುತ್ತವೆ. ಪ್ರತಿ ಐದಾರು ನೆರಿಗೆಗೊಮ್ಮೆ ಮೇಲೆ ಕೆಳಗೆ ಎರಡೂ ಕಡೆ ಬಟ್ಟೆ ಒಣಗಿಸುವ ಕ್ಲಿಪ್ ಹಾಕುತ್ತಾ ಹೋಗಿ. ಕ್ಲಿಪ್ಪಿನ ಹಲ್ಲು ಜರಿಗೆ ತಾಗದಂತೆ ನಡುವೆ ಒಂದು ಮಡಿಚಿದ ಹತ್ತಿ ಬಟ್ಟೆ ಇಡಿ. ಸೇಫ್ಟಿ ಪಿನ್ ಆದಷ್ಟು ಬೇಡ. ಹಾಕಲೇಬೇಕಾದರೆ ಅಂಚಿಗಲ್ಲ, ಒಡಲಿಗೆ, ಅದೂ ನೂಲು ಎಳೆಯದ ಹೊಸ ಪಿನ್. ಸೆಲ್ಲೋಟೇಪನ್ನಂತೂ ಜರಿಯ ಹತ್ತಿರವೂ ತರಬೇಡಿ, ಅಂಟು ಉಳಿದು ಆಮೇಲೆ ಆ ಜಾಗ ಕಪ್ಪಾಗುತ್ತೆ.

ಬಿಂದಿಗೆಗೆ ಕಟ್ಟುವುದು

ಎದುರಿನಿಂದ ನೋಡುವವರಿಗೆ ಬಿಂದಿಗೆಯ ಹಿಂಭಾಗ ಕಾಣಲ್ಲ. ಹಾಗಾಗಿ ನೆರಿಗೆಯನ್ನು ಸುತ್ತಲೂ ಹಂಚುವ ಅಗತ್ಯವಿಲ್ಲ, ಮುಂದಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮುಚ್ಚಿದರೆ ಸಾಕು. ನೆರಿಗೆಯ ಕಟ್ಟನ್ನು ಬಿಂದಿಗೆಯ ಕತ್ತಿಗೆ ಎದುರಾಗಿ ಹಿಡಿದು, ಒಂದೊಂದು ನೆರಿಗೆಯನ್ನೂ ಕಾಲು ಇಂಚಿನಷ್ಟು ಪಕ್ಕಕ್ಕೆ ಸರಿಸಿ, ಇಸ್ಪೀಟ್ ಎಲೆ ಬಿಡಿಸಿದ ಹಾಗೆ. 5 ಇಂಚಿದ್ದ ಕಟ್ಟು 9 ಇಂಚಿಗೆ ಹರಡುತ್ತೆ. ಈಗ ಅಗಲವಾದ ಹತ್ತಿ ಪಟ್ಟಿಯಿಂದ ಕತ್ತಿನ ಸುತ್ತ ಎರಡು ಸುತ್ತು ಹಾಕಿ ಹಿಂದೆ ಬಿಗಿಯಾಗಿ ಗಂಟು ಹಾಕಿ. ಸಣ್ಣ ದಾರ ಕಟ್ಟಿದರೆ ಬಟ್ಟೆಯನ್ನು ಕಚ್ಚುತ್ತೆ, ಗುರುತು ಉಳಿಯುತ್ತೆ. ರಬ್ಬರ್ ಬ್ಯಾಂಡ್ ರಾತ್ರಿ ಕಳೆಯುವಷ್ಟರಲ್ಲಿ ಸಡಿಲವಾಗಬಹುದು.

ಗಂಟು ಬಿದ್ದ ಮೇಲೆ ಕೆಳಗಿನ ಕ್ಲಿಪ್ ತೆಗೆದು, ನಡುವಿನ ನೆರಿಗೆಯಿಂದ ಶುರುಮಾಡಿ ಎಡಕ್ಕೊಂದು ಬಲಕ್ಕೊಂದು ಬಿಡಿಸಿ. ಒಂದೇ ಕಡೆಯಿಂದ ಬಿಡಿಸುತ್ತಾ ಹೋದರೆ ಕೊನೆಯಲ್ಲಿ ಒಂದು ಪಕ್ಕ ತೆಳ್ಳಗೆ, ಇನ್ನೊಂದು ಪಕ್ಕ ದಪ್ಪ ಆಗುತ್ತೆ. ಐದು ಹೆಜ್ಜೆ ದೂರ ನಿಂತು ನೋಡಿ. ಕೆಳಗಿನ ಅಂಚು ಒಂದೇ ಗೆರೆಯಲ್ಲಿ ಇದೆಯಾ? ಮಧ್ಯದಲ್ಲಿ ಎದ್ದಿದ್ದರೆ ಅದು ಬಿಂದಿಗೆಯ ಹೊಟ್ಟೆಯ ಕಾರಣ. ನಡುವಿನ ನಾಲ್ಕೈದು ನೆರಿಗೆಗಳನ್ನು ಕಟ್ಟಿನ ಅಡಿಯಿಂದ ಸ್ವಲ್ಪ ಕೆಳಕ್ಕೆ ಎಳೆದರೆ ಸರಿಹೋಗುತ್ತೆ.

ಸೆರಗಿನ 1 ಮೀಟರ್ ಬಟ್ಟೆಯನ್ನು ಉದ್ದಕ್ಕೆ ಸಣ್ಣ ನೆರಿಗೆಗಳಾಗಿ ಮಡಿಚಿ, ಕ್ಲಿಪ್ ಹಾಕಿ, ಹಿಂದೆ ಸ್ಟೂಲಿನ ಮೇಲೆ ಸುಮ್ನೆ ಇಟ್ಟಿರಿ. ಗುರುವಾರದ ಸೀರೆ ಕೆಲಸ ಇಲ್ಲಿಗೆ ಮುಗಿಯಿತು. ಮೇಲೊಂದು ತೆಳು ಬಟ್ಟೆ ಹೊದಿಸಿ ಮಲಗಿ.

ಹಿನ್ನೆಲೆ

ಇದೂ ಗುರುವಾರವೇ ಆಗಬೇಕು, ಅದೂ ಬಿಂದಿಗೆಯನ್ನು ಜಾಗದಲ್ಲಿ ಕೂರಿಸುವ ಮುಂಚೆ. ಉಡಿಸಿದ ಸೀರೆ ಕೆಂಪಿದ್ದರೆ ಹಿಂದೆ ಹಸಿರು, ಹಳದಿಯಿದ್ದರೆ ಹಿಂದೆ ಕಡು ನೇರಳೆ ಅಥವಾ ಕಡು ಹಸಿರು. ಒಂದೇ ಬಣ್ಣ ಇಟ್ಟರೆ ಅಮ್ಮ ಹಿನ್ನೆಲೆಯಲ್ಲಿ ಕರಗಿಹೋಗುತ್ತಾಳೆ. ಹಿನ್ನೆಲೆಯ ಬಟ್ಟೆಯಲ್ಲಿ ಬುಟ್ಟಾ ಕಮ್ಮಿ ಇದ್ದಷ್ಟೂ ಒಳ್ಳೆಯದು, ಬರೀ ಒಡಲು ಸಾಕು. ಗೋಡೆಗೆ ಅಂಟಿಸುವ ಬದಲು ಎರಡು ಸ್ಟ್ಯಾಂಡ್ ನಡುವೆ ಪರದೆ ಕೋಲು ಹಾಕಿ ಅದಕ್ಕೆ ಇಳಿಬಿಡಿ, ಕೆಳಗೆ ಎರಡು ಮೂಲೆಗೂ ಸಣ್ಣ ಭಾರ ಕಟ್ಟಿ. ಸುಕ್ಕು ತಾನಾಗಿಯೇ ಇಳಿಯುತ್ತೆ.

ನಮ್ಮ ಲೆಕ್ಕದಲ್ಲಿ ಸ್ಟೂಲು, ಬಿಂದಿಗೆ, ಚೊಂಬು, ಕಾಯಿ ಎಲ್ಲ ಸೇರಿ ಎರಡೂವರೆ ಅಡಿಗಿಂತ ಸ್ವಲ್ಪ ಜಾಸ್ತಿ ಎತ್ತರ. ಹಿನ್ನೆಲೆ ಅದರ ಒಂದೂವರೆ ಪಟ್ಟು, ಅಂದರೆ ನಾಲ್ಕಡಿಯ ಮೇಲಿದ್ದರೆ ಮುಖದ ಮೇಲೆ ಖಾಲಿ ಜಾಗ ಉಳಿದು ಕಣ್ಣು ಮುಖಕ್ಕೇ ಹೋಗುತ್ತೆ. ಬಟ್ಟೆಗೂ ಬಿಂದಿಗೆಗೂ ಒಂದಡಿ ಅಂತರ ಬಿಡಿ, ನಿಮ್ಮ ಕೈ ಹಿಂದೆ ಹೋಗಿ ಗಂಟು ಹಾಕಲು ಅದು ಬೇಕೇ ಬೇಕು. ಎರಡು ಬದಿಗೆ ಬಾಳೆಕಂದು ನಿಲ್ಲಿಸುವುದಾದರೆ ಒದ್ದೆ ಮರಳು ತುಂಬಿದ ಡಬ್ಬದಲ್ಲಿ ನೆಡಿ. ಮೇಲೆ ಮಾವಿನ ತೋರಣ. ಇಷ್ಟರಲ್ಲೇ ಹಿನ್ನೆಲೆ ಮುಗಿಯಿತು ಅನ್ನುವುದು ನನ್ನ ಅಭಿಪ್ರಾಯ. ಸೀರಿಯಲ್ ಸೆಟ್ ಹಾಕುವ ಆಸೆಯಿದ್ದರೆ ಹಳದಿ ಬೆಳಕಿನದು ಹಾಕಿ, ಮಿನುಗದ ಹಾಗೆ ಇಡಿ, ಬಟ್ಟೆಯ ಹಿಂದೆ ಇರಲಿ. ಮುಂದಿನಿಂದ ಬೆಳಕು ಬಿದ್ದರೆ ಬೆಳ್ಳಿ ಮುಖ ಬರೀ ಬಿಳಿಯಾಗಿ ಹೊಳೆದು ಕಣ್ಣು, ಮೂಗು ಕಾಣುವುದೇ ಇಲ್ಲ.

ಶುಕ್ರವಾರ ಬೆಳಗ್ಗೆ: ಕಲಶ

ಚೊಂಬಿಗೆ ಎರಡು ಕೆಲಸ ಹಿಂದಿನ ರಾತ್ರಿಯೇ ಮಾಡಿಟ್ಟಿರಬೇಕು. ಮೊದಲನೆಯದು ಭುಜ. 12 ಇಂಚಿನ ಒಂದು ನಯವಾದ ಕೋಲನ್ನು ಚೊಂಬಿನ ಕತ್ತಿನ ಹಿಂದೆ ಅಡ್ಡಲಾಗಿ ಇಟ್ಟು, ದಾರವನ್ನು ಎಂಟರ ಆಕಾರದಲ್ಲಿ ಸುತ್ತಿ ಬಿಗಿಯಬೇಕು. ಸುಮ್ನೆ ಸುತ್ತು ಹಾಕಿದರೆ ಕೋಲು ತಕ್ಕಡಿಯಂತೆ ಒಂದು ಕಡೆ ಇಳಿಯುತ್ತೆ. ಎರಡನೆಯದು ರವಿಕೆ ಕಣ. ಕಣವನ್ನು ಪಟ್ಟಿಯಂತೆ ಮಡಿಚಿ ಚೊಂಬಿನ ಸುತ್ತ ಹೊದಿಸಿ, ಕೋಲಿನ ಎರಡೂ ತುದಿಯ ಮೇಲೆ ಹಾಯಿಸಿ ಹಿಂದೆ ಕಟ್ಟಿ. ತೋಳಿನ ಜಾಗಕ್ಕೆ ಕೋಲಿನ ಒಂದೊಂದು ತುದಿಗೂ ಹಸಿರು ಗಾಜಿನ ಬಳೆ ಆರಾರು ಹಾಕಿದರೆ ಸಾಕು, ಕೈ ಇಲ್ಲದಿದ್ದರೂ ಕೈ ಇದ್ದಂತೆಯೇ ಕಾಣುತ್ತೆ.

ಬೆಳಗ್ಗೆ ಸ್ನಾನ ಮಾಡಿ ಬಿಂದಿಗೆಯ ಮೇಲಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಅದರ ಮೇಲೆ ಚೊಂಬು ಇಡಿ. ಒಳಗೆ ಅಕ್ಕಿ, ನಾಣ್ಯ, ಅರಿಶಿನದ ಕೊಂಬು, ಬಟ್ಟಲಡಿಕೆ, ಖರ್ಜೂರ, ನಿಮ್ಮ ಮನೆಯಲ್ಲಿ ಹಾಕುವುದೆಲ್ಲ. ನೀರು ತುಂಬುವ ಪದ್ಧತಿಯಿದ್ದರೆ ಕತ್ತಿಗಿಂತ ಎರಡು ಬೆರಳು ಕೆಳಗೇ ನಿಲ್ಲಿಸಿ. ಮೇಲೆ ಐದು ಮಾವಿನೆಲೆ ಅಥವಾ ವೀಳ್ಯದೆಲೆ, ಅದರ ಮೇಲೆ ಕಾಯಿ.

ಕಾಯಿಯ ಮೂರನೇ ಒಂದು ಪಾಲಾದರೂ ಚೊಂಬಿನ ಬಾಯಿಯೊಳಗೆ ಇಳಿಯಬೇಕು. ಜುಟ್ಟು ಉದ್ದವಾಗಿ ಉಳಿಸಿಕೊಂಡಿರಿ, ಕೆಲಸಕ್ಕೆ ಬರುತ್ತೆ. ಅರಿಶಿನ ಹಚ್ಚುವುದು ರಾತ್ರಿಯೇ ಆಗಿ ಪೂರ್ತಿ ಒಣಗಿರಬೇಕು. ಒದ್ದೆ ಅರಿಶಿನದ ಮೇಲೆ ಬೆಳ್ಳಿ ಮುಖ ಸೋಪಿನ ಮೇಲಿಟ್ಟ ಹಾಗೆ ಜಾರುತ್ತೆ. ಮುಖದ ಎರಡು ಬದಿಯ ಕೊಂಡಿಯಲ್ಲಿ ದಾರ ಪೋಣಿಸಿ ಕಾಯಿಯ ಹಿಂದೆ ಗಂಟು ಹಾಕಿ. ಆಮೇಲೆ ಇನ್ನೊಂದು ದಾರವನ್ನು ಜುಟ್ಟಿಗೆ ಕಟ್ಟಿ, ಹಿಂದಕ್ಕೆ ಎಳೆದು ಭುಜದ ಕೋಲಿಗೆ ಬಿಗಿಯಿರಿ. ನಮ್ಮ ಮನೆಯಲ್ಲಿ ಆ ವರ್ಷ ಇಲ್ಲದೇ ಇದ್ದದ್ದು ಈ ಒಂದು ದಾರ. ಮುಂದಿನ ಭಾರಕ್ಕೆ ಹಿಂದಿನ ಎಳೆತ ಸಮವಾದರೆ ಮುಖ ಕದಲುವುದಿಲ್ಲ.

ಈಗ ಹಿಂದೆ ಕಾಯುತ್ತಿರುವ ಸೆರಗು. ಅದನ್ನು ಅಮ್ಮನ ಬಲಗಡೆಯಿಂದ ಮುಂದಕ್ಕೆ ತಂದು, ಚೊಂಬಿನ ಮೇಲೆ ಓರೆಯಾಗಿ ಹಾಯಿಸಿ, ಅಮ್ಮನ ಎಡ ಭುಜದ ಮೇಲಿಂದ ಹಿಂದಕ್ಕೆ ಬಿಡಿ. ಅಮ್ಮನ ಎಡ ಅಂದರೆ ಎದುರು ನಿಂತ ನಮಗೆ ಬಲ. ಗಡಿಬಿಡಿಯಲ್ಲಿ ತಪ್ಪುವುದೇ ಇಲ್ಲಿ. ತಟ್ಟೆಯ ಅಂಚು, ಬಿಂದಿಗೆಯ ಕತ್ತು, ಕಟ್ಟಿದ ಪಟ್ಟಿ ಎಲ್ಲವೂ ಸೆರಗಿನ ಕೆಳಗೆ ಮುಚ್ಚಿಹೋಗುತ್ತವೆ. ಕೊನೆಗೆ ಕೋಲಿಗೆ ಒಂದು ಕ್ಲಿಪ್.

ಒಡವೆ

ಬಿಂದಿಗೆಯ ಕತ್ತೇ ಸೊಂಟ. ಡಾಬು ಅಲ್ಲಿಗೆ ಬರಬೇಕು, ಸೆರಗು ಮತ್ತು ನೆರಿಗೆ ಸೇರುವ ಗೆರೆಯ ಮೇಲೆ. ಸರಗಳನ್ನು ಕಾಯಿಯ ಕೆಳಗಿನ ಕತ್ತಿಗೆ ಹಾಕಬೇಡಿ, ಎಲ್ಲ ಭಾರ ಮುಖಕ್ಕೇ ಬೀಳುತ್ತೆ. ಭುಜದ ಕೋಲಿಗೆ ಹಾಕಿ. ಚಿಕ್ಕದು ಮೊದಲು, ಉದ್ದದ್ದು ಆಮೇಲೆ: ನೆಕ್ಲೆಸ್, ಅದರ ಕೆಳಗೆ ಕಾಸಿನ ಸರ ಅಥವಾ ಹವಳದ ಸರ. ಎರಡು ಸರದ ನಡುವೆ ಎರಡು ಬೆರಳು ಸೀರೆ ಕಾಣಲಿ. ಮೂರಕ್ಕಿಂತ ಜಾಸ್ತಿ ಸರ ಹಾಕಿದರೆ ಒಂದೂ ಕಾಣಲ್ಲ. ಅರಿಶಿನ ಕೊಂಬು ಕಟ್ಟಿದ ದಾರವನ್ನು ಎಲ್ಲಕ್ಕಿಂತ ಮೊದಲು ಹಾಕಿಬಿಡಿ. ಮುಖಕ್ಕೆ ಬೈತಲೆಬೊಟ್ಟು, ಓಲೆ, ಮೂಗುತಿ. ಹಗುರವಾದವು ಇರಲಿ. ಮನೆ ಬಾಗಿಲು ತೆರೆದಿಟ್ಟು ಅರಿಶಿನ ಕುಂಕುಮಕ್ಕೆ ಹತ್ತಾರು ಜನ ಬರುವ ದಿನ ಇದು. ಚಿನ್ನದ್ದು ಒಂದೆರಡು ಹಾಕಿ, ಉಳಿದದ್ದಕ್ಕೆ ಒಳ್ಳೆಯ ಇಮಿಟೇಷನ್ ಸೆಟ್ ಸಾಕು. ಹಾಕಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿಡಿ, ಮೂಗುತಿಯಂಥ ಸಣ್ಣವು ಹೂವಿನ ಜೊತೆ ಹೋಗಿಬಿಡುವುದುಂಟು.

ಹೂವು

ಹಬ್ಬದ ಹಿಂದಿನ ಎರಡು ದಿನ ಕೆ.ಆರ್. ಮಾರುಕಟ್ಟೆಯಲ್ಲಾಗಲಿ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಾಗಲಿ ಮಲ್ಲಿಗೆಯ ಬೆಲೆ ಕೇಳಿದರೆ ಗಾಬರಿಯಾಗುತ್ತೆ. ಅದಕ್ಕೆ ಎಲ್ಲಿ ಯಾವ ಹೂವು ಅಂತ ಮೊದಲೇ ಲೆಕ್ಕ ಹಾಕಿ. ಮುಖದ ಸುತ್ತ ಮಾತ್ರ ಮಲ್ಲಿಗೆ ಮತ್ತು ಕನಕಾಂಬರ, ಎರಡು ಮಾರು ಸಾಕು. ಹಿನ್ನೆಲೆಗೆ, ಸ್ಟೂಲಿನ ಬುಡಕ್ಕೆ ಸೇವಂತಿಗೆ. ಪಾದದ ಜಾಗಕ್ಕೆ ಎರಡು ತಾವರೆ.

ಮಲ್ಲಿಗೆಯನ್ನು ಗುರುವಾರ ಸಂಜೆ ಬಿಗಿ ಮೊಗ್ಗಾಗಿಯೇ ತನ್ನಿ. ಒದ್ದೆ ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡಿ, ಹೊರಗಿಟ್ಟರೆ ರಾತ್ರಿಯೇ ಅರಳಿ ಮಾರನೆಯ ಸಂಜೆಗೆ ಕಂದುತ್ತೆ. ಕನಕಾಂಬರಕ್ಕೆ ಈ ಕಷ್ಟ ಇಲ್ಲ, ಅದು ಬಾಡುವುದು ನಿಧಾನ. ಮುಡಿಸುವ ಮುಂಚೆ ಎಲ್ಲ ಹೂವನ್ನೂ ಒಣ ಬಟ್ಟೆಯ ಮೇಲೆ ಅರ್ಧ ಗಂಟೆ ಹರಡಿ. ನೀರು ತೊಟ್ಟಿಕ್ಕುವ ಹಾರ ರೇಷ್ಮೆಯ ಮೇಲೆ ಬಿದ್ದರೆ ಕಲೆ ಖಂಡಿತ. ತಾವರೆಯ ಮೊಗ್ಗು ಅರಳದಿದ್ದರೆ ಹೊರಗಿನ ಎಸಳುಗಳನ್ನು ಒಂದೊಂದಾಗಿ ಒಳಮುಖವಾಗಿ ಅರ್ಧಕ್ಕೆ ಮಡಿಚಿ, ಒಳಗಿನ ಎಸಳು ಕೆಂಪಾಗಿ ಎದ್ದು ನಿಲ್ಲುತ್ತೆ.

ಮೊಗ್ಗಿನ ಜಡೆ ತಂದಿದ್ದರೆ ಹಿಂದೆ ಬಿಟ್ಟು ವ್ಯರ್ಥ ಮಾಡಬೇಡಿ. ಬಲ ಭುಜದ ಮೇಲಿಂದ ಮುಂದಕ್ಕೆ ತನ್ನಿ, ಅದರ ಭಾರ ಕೋಲಿನ ಮೇಲಿರಲಿ. ಗುಲಾಬಿ, ಸುಗಂಧರಾಜದ ದಪ್ಪ ಹಾರವನ್ನು ಅಮ್ಮನಿಗೆ ಹಾಕಿದಂತೆ ಕಾಣಬೇಕು, ಆದರೆ ಅದರ ಎರಡು ತುದಿಯನ್ನು ಹಿನ್ನೆಲೆಯ ಕೋಲಿಗೆ ದಾರದಿಂದ ಕಟ್ಟಿರಬೇಕು. ಕೇದಗೆ ಸಿಕ್ಕರೆ ಒಂದೆರಡು ಗರಿಯನ್ನು ಮುಳ್ಳು ಸವರಿ, ಮಡಿಚಿ, ಜುಟ್ಟಿನ ಹಿಂದೆ ಸಿಕ್ಕಿಸಿ. ಪೂಜೆಗೆ ಕೂತವರಿಗೆಲ್ಲ ಘಮ್ಮೆನ್ನುತ್ತೆ.

ದೀಪದ ಕಂಬಗಳು ಸೀರೆಯ ಅಂಚಿನಿಂದ ಒಂದೂವರೆ ಅಡಿ ದೂರ, ಪಕ್ಕಕ್ಕೆ ಸರಿದು ನಿಲ್ಲಲಿ. ಫ್ಯಾನ್ ಹಾಕಿದರೆ ಸೆರಗು ಎತ್ತ ಹಾರುತ್ತೆ ಅಂತ ದೀಪ ಹಚ್ಚುವ ಮುಂಚೆಯೇ ನೋಡಿಬಿಡಿ.

ಶನಿವಾರ

ಪುನಃ ಪೂಜೆ ಮಾಡಿ ಕಲಶವನ್ನು ಸ್ವಲ್ಪ ಕದಲಿಸಿದ ಮೇಲೆ ಬಿಚ್ಚುವ ಕೆಲಸ. ಮೊದಲು ಹೂವು, ಏಕೆಂದರೆ ಬಾಡಿದ ಹೂವಿನ ರಸ ರೇಷ್ಮೆಗೆ ಇಳಿಯುತ್ತೆ. ಆಮೇಲೆ ಚೀಟಿ ಹಿಡಿದು ಒಡವೆ, ಆಮೇಲೆ ಮುಖ, ಕಾಯಿ. ಕಲಶದ ಅಕ್ಕಿಯಲ್ಲಿ ಪಾಯಸ ಮಾಡುವುದು ನಮ್ಮ ಕಡೆಯ ರೂಢಿ. ಸೀರೆ ಎಲ್ಲಕ್ಕಿಂತ ಕೊನೆ. ಅರಿಶಿನ, ಕುಂಕುಮ ಉದುರಿದ್ದರೆ ಕೈಯಿಂದ ಉಜ್ಜದೆ, ಸೀರೆಯನ್ನು ಎತ್ತಿ ಹಿಡಿದು ಮೆಲ್ಲಗೆ ಕೊಡವಿ. ಉಜ್ಜಿದರೆ ಬಣ್ಣ ನೂಲಿನೊಳಗೆ ಹೋಗುತ್ತೆ. ಒಂದು ದಿನ ನೆರಳಲ್ಲಿ ಹರವಿ, ನೆರಿಗೆಯ ಗೆರೆಗಳು ಇಳಿದ ಮೇಲೆ, ಮೊದಲಿದ್ದ ಮಡಿಕೆ ಬಿಟ್ಟು ಬೇರೆ ಮಡಿಕೆಯಲ್ಲಿ ಮಡಿಚಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ರಟ್ಟಿನ ತುಂಡು, ಭುಜದ ಕೋಲು, ಹತ್ತಿ ಪಟ್ಟಿ, ಕ್ಲಿಪ್ಪುಗಳನ್ನು ಬಿಂದಿಗೆಯ ಒಳಗೇ ಹಾಕಿಟ್ಟು, ಸ್ಟೂಲಿನ ಎತ್ತರವನ್ನೂ ಆ ರಟ್ಟಿನ ಮೇಲೆಯೇ ಬರೆದಿಡಿ.